ಕವರಿನೊಳಗಿನ ಕುಂಕುಮ

ಕಾಂತರಾಜಣ್ಣನ ದೈವಭಕ್ತಿಯ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ. ಕೋಲಾರದ ಅವನ ಮೊಬೈಲ್ ಅಂಗಡಿಗೆ ಹೊಸ ಮಾಲು ಬಂದರೆ ಮೊದಲನೇ ಡಬ್ಬಿಯನ್ನು ಕುರುಡುಮಲೆ ಗಣಪನ ಫೋಟೊ ಮುಂದೆ ಇಟ್ಟು, ಉಂಗುರದ ಬೆರಳಿನಿಂದ ಅದರ ಬೆನ್ನಿಗೆ ಕುಂಕುಮದ ಬೊಟ್ಟಿಡುತ್ತಿದ್ದ. ಬೇರೆ ಯಾರೂ ಇಡುವಂತಿರಲಿಲ್ಲ. ಇಟ್ಟ ಮೇಲೆ ಬೆರಳನ್ನು ಹಾಗೇ ಮೇಲಕ್ಕೆ ಎಳೆಯುತ್ತಿದ್ದ, ಬೊಟ್ಟಿಗೆ ಒಂದು ಬಾಲ ಬರುತ್ತಿತ್ತು. ಆ ಬಾಲ ನನಗೆ ಚೆನ್ನಾಗಿ ಗೊತ್ತು, ಮೂರು ವರ್ಷ ಅವನ ಕೌಂಟರಿನಲ್ಲಿ ನಿಂತವಳು ನಾನು.

ಎರಡು ವರ್ಷದ ಹಿಂದೆ ಮಾಲೂರಿನ ಮೇಷ್ಟ್ರೊಬ್ಬರು ನನ್ನ ಕೈಯಿಂದ ವೆಲ್ಟ್ರಾ ಕಂಪನಿಯ ಸ್ಮಾರ್ಟ್ ವಾಚ್ ತಗೊಂಡರು. ನಾಲ್ಕು ದಿನಕ್ಕೆ ಅದು ನಕಲಿ ಅಂತ ವಾಪಸ್ ತಂದರು. ಕಾಂತರಾಜ ನನ್ನ ಕಡೆ ತಿರುಗಿದ. ಒಳ್ಳೇದನ್ನು ಎತ್ತಿಟ್ಟುಕೊಂಡು ನಕಲಿ ಕೊಟ್ಟಿದ್ದೀಯ ಅಂದ. ನನ್ನ ಬ್ಯಾಗ್ ಕಿತ್ತುಕೊಂಡು ಗಿರಾಕಿಗಳ ಮುಂದೆ ಗಾಜಿನ ಮೇಲೆ ಸುರಿದ. ಊಟದ ಡಬ್ಬಿ, ಬಾಚಣಿಗೆ, ಬಸ್ ಪಾಸು, ಜೊತೆಗೆ ಹೆಂಗಸರು ಯಾರಿಗೂ ತೋರಿಸದ ಪ್ಯಾಕೆಟ್ಟೂ ಬಿತ್ತು. ವಾಚ್ ಬೀಳಲಿಲ್ಲ. ಆದರೂ ಕಳ್ಳಿ ಅನ್ನೋ ಹೆಸರು ನನಗೇ ಅಂಟಿತು. ಕೋಲಾರದಲ್ಲಿ ಆಮೇಲೆ ಯಾವ ಅಂಗಡಿಯವನೂ ನನ್ನನ್ನು ಒಳಗೆ ಸೇರಿಸಲಿಲ್ಲ.

ಒಂದು ತಿಂಗಳಾದ ಮೇಲೆ, ಮನೆಯಲ್ಲಿ ಪಾತ್ರೆ ಉಜ್ಜುವಾಗ ನನಗೆ ಹೊಳೆಯಿತು. ಮೇಷ್ಟ್ರ ಎದುರಿಗೇ ನಾನು ಡಬ್ಬಿಯ ಪ್ಲಾಸ್ಟಿಕ್ ಕವರ್ ಹರಿದಿದ್ದೆ. ಕಂಪನಿ ಸುತ್ತಿ ಕಳಿಸುವ ಕವರ್ ಅದು. ಅದರ ಮೇಲಿಟ್ಟ ಕುಂಕುಮ ಕವರಿನ ಜೊತೆಗೇ ಹೋಗಬೇಕು. ಅವತ್ತು ಹೋಗಿರಲಿಲ್ಲ. ರಟ್ಟಿನ ಮೇಲೆ ಬಾಲದ ಸಮೇತ ಕೂತಿತ್ತು. ಅಂದರೆ ಪೂಜೆ ಆದ ಮೇಲೆ ಕವರ್ ಸುತ್ತಿದ್ದಾರೆ, ಅದೂ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಆದರೆ ಆ ಡಬ್ಬಿ ಆಗಲೇ ಅವನ ಕೈ ಸೇರಿತ್ತು, ನನ್ನ ಮಾತಿಗೆ ಸಾಕ್ಷಿ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಮುಳಬಾಗಿಲಿಗೆ ಬಂದೆ, ಬಸ್ ಸ್ಟ್ಯಾಂಡ್ ಪಕ್ಕ ಒಂದು ಕೌಂಟರ್ ಹಾಕಿದೆ. ಬೆಲ್ಟ್ ಬದಲಾಯಿಸುತ್ತ, ಬ್ಯಾಟರಿ ಹಾಕುತ್ತ ಕಾಯ್ದೆ. ಇಂಥ ಇನ್ನೊಂದು ಬೊಟ್ಟು ಸಿಕ್ಕೇ ಸಿಗುತ್ತದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಅವನು ದೇವರನ್ನು ಬಿಡುವವನಲ್ಲ, ಮೋಸವನ್ನೂ ಬಿಡುವವನಲ್ಲ.

ಈ ವರ್ಷ ಬೈರಕೂರಿನ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ ಕಾರ್ಯದರ್ಶಿ ಅಮರನಾಥ್ ನನ್ನ ಕೌಂಟರಿಗೆ ಬಂದ. ಪ್ರತಿವರ್ಷ ಸದಸ್ಯರಿಗೆ ಸ್ಟೀಲ್ ಬಿಂದಿಗೆ ಕೊಡುತ್ತಿದ್ದವರು ಈ ಸಲ ಶೋಕಿಗೆ ಬಿದ್ದು ವೆಲ್ಟ್ರಾ ಸ್ಮಾರ್ಟ್ ವಾಚ್ ಕೊಡುತ್ತಾರಂತೆ. ಸ್ಯಾಂಪಲ್ ಅಂತ ಕೊಟ್ಟಿದ್ದ ಒಂದನ್ನು ಅವನೇ ಕಟ್ಟಿಕೊಂಡಿದ್ದ, ಬೆಲ್ಟ್ ಆಗಲೇ ಸಡಿಲ. ಡಬ್ಬಿಯ ಸಮೇತ ನನ್ನ ಮುಂದೆ ಇಟ್ಟ.

ಗಾಜಿನ ಸುತ್ತಿನ ಪಟ್ಟಿಯ ಮೇಲೆ ಉಗುರು ಎಳೆದೆ. ನಿಜವಾದದ್ದು ಅಲ್ಯೂಮಿನಿಯಂ, ಅಂಚು ನುಣ್ಣಗೆ ಇಳಿದಿರುತ್ತದೆ. ಇದರಲ್ಲಿ ಉಗುರು ಸಿಕ್ಕಿಕೊಂಡಿತು, ಮೂಲೆಯಲ್ಲಿ ಬಣ್ಣ ಹೋಗಿ ಪ್ಲಾಸ್ಟಿಕ್ ಕಾಣುತ್ತಿತ್ತು. ಬೆಲ್ಟಿನ ಬಕಲ್ ಮೇಲೆ ಕಂಪನಿ ಹೆಸರನ್ನು ಕೊರೆದಿರಬೇಕು, ಇಲ್ಲಿ ಬರೀ ಅಚ್ಚು, ಸೀರೆ ಸೆರಗಿನಲ್ಲಿ ತಿಕ್ಕಿದರೆ ಅರ್ಧ ಅಕ್ಷರ ಹೋಯಿತು. ಹಿಂದೆ ಚಾರ್ಜ್ ಆಗುವ ಎರಡು ಚುಕ್ಕಿ ಒಂದೇ ಮಟ್ಟದಲ್ಲಿರಲಿಲ್ಲ, ನನ್ನ ಹತ್ತಿರವಿದ್ದ ಕಂಪನಿ ಚಾರ್ಜರ್ ಅದಕ್ಕೆ ಕೂರಲೇ ಇಲ್ಲ. ಡಬ್ಬಿಯ ಮೇಲಿನ ಸಣ್ಣಕ್ಷರ ಹರಡಿಕೊಂಡಿತ್ತು. ಮಾಲು ಯಾರದು ಅಂತ ಕೇಳಿದೆ. ಕೋಲಾರದ ಕಾಂತರಾಜಣ್ಣ ಅಂದ.

ನನ್ನ ಹೊಟ್ಟೆಯೊಳಗೆ ಹಬ್ಬವಾಯಿತು. ಅದನ್ನು ಯಾಕೆ ಮುಚ್ಚಿಡಲಿ?

ಇದು ನಕಲಿ ಅಂದೆ. ಇವತ್ತೇ ಎಲ್ಲ ವಾಪಸ್ ಮಾಡ್ತೀನಿ ಅಂತ ಅಮರನಾಥ್ ಎದ್ದ. ಸುಮ್ಮನೆ ವಾಪಸ್ ಮಾಡಿದರೆ ಕೆಲಸದವರು ಬದಲಾಯಿಸಿದ್ದಾರೆ ಅಂತ ಕೈ ತೊಳೆದುಕೊಳ್ಳುತ್ತಾನೆ, ನನಗೆ ಹಾಗೇ ಮಾಡಿದ್ದ ಅಂದೆ. ಹಂಚುವ ದಿನ ಎಲ್ಲರ ಮುಂದೆ ಡಬ್ಬಿ ಒಡೆಯೋಣ, ಅವನನ್ನೂ ಕರೀರಿ, ಹಾರಾನೂ ಹಾಕಿ ಅಂದೆ. ಅಮರನಾಥ್ ನನ್ನ ಮುಖ ನೋಡಿ, ಆಯ್ತಕ್ಕ ಅಂದ.

ಡೈರಿ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಕಾಂತರಾಜ ಹಾರ ಹಾಕಿಕೊಂಡು ಕೂತಿದ್ದ. ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದವಳು ಶ್ವೇತ, ನನ್ನ ಜಾಗಕ್ಕೆ ಬಂದ ಹುಡುಗಿ. ಹೆಗಲಿಗೊಂದು ಬ್ಯಾಗ್ ಹಾಕಿಕೊಂಡಿದ್ದಳು. ಹಂಚೋಕೆ ಮುಂಚೆ ಮುಳಬಾಗಿಲಿನ ಸುನಂದಕ್ಕ ಒಂದು ಸಲ ನೋಡ್ತಾರೆ ಅಂತ ಅಮರನಾಥ್ ಮೈಕಿನಲ್ಲಿ ಹೇಳಿದಾಗ ಕಾಂತರಾಜನ ಮುಖ ಬಿಳಿಚಿಕೊಂಡಿತು.

ಮೂರು ಡಬ್ಬಿ ಒಡೆದೆ. ನನ್ನ ಅಸಲಿ ವಾಚ್ ಪಕ್ಕದಲ್ಲಿಟ್ಟು ಪಟ್ಟಿ, ಬಕಲ್, ಚುಕ್ಕಿ ತೋರಿಸಿದೆ. ಡಬ್ಬಿಯ ಮೇಲಿನ ನಂಬರನ್ನು ಜೋರಾಗಿ ಓದಿದೆ. ಒಂದೊಂದು ವಾಚಿಗೂ ಬೇರೆ ನಂಬರ್ ಇರಬೇಕಾದಲ್ಲಿ ಮೂರಕ್ಕೂ ಒಂದೇ ಇತ್ತು. ಜನ ಗುಜುಗುಜು ಶುರು ಮಾಡಿದರು.

ಕಾಂತರಾಜ ಎದ್ದು ನಿಂತ. ನನಗೆ ಆಶ್ಚರ್ಯವೇ ಆಗಲಿಲ್ಲ.

"ನಾನು ಅಸಲಿ ಮಾಲೇ ಕೊಟ್ಟಿದ್ದೀನಿ. ಲೋಡ್ ಮಾಡಿಸಿದ್ದು ಈ ಹುಡುಗಿ. ಇವಳೇ ಏನೋ ಬದಲಾಯಿಸಿದ್ದಾಳೆ. ಏಯ್, ಬ್ಯಾಗ್ ಕೊಡು ಇಲ್ಲಿ," ಅಂತ ಶ್ವೇತಳ ಹೆಗಲಿಗೆ ಕೈ ಹಾಕಿದ. ಆ ಹುಡುಗಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಅವಳ ಕಣ್ಣು ನೋಡಿ ನನಗೆ ನನ್ನ ಪ್ಯಾಕೆಟ್ ನೆನಪಾಯಿತು, ಗಾಜಿನ ಮೇಲೆ ಬಿದ್ದ ಸದ್ದಿನ ಸಮೇತ.

"ಬ್ಯಾಗ್ ಮುಟ್ಬೇಡ," ಅಂದೆ. ಅಲ್ಲಿಯ ತನಕ ಅವನ ಎದುರಿಗೆ ಯಾವತ್ತೂ ಏಕವಚನ ಬಳಸಿರಲಿಲ್ಲ.

ಉಳಿದ ಡಬ್ಬಿಗಳನ್ನು ಒಂದೊಂದಾಗಿ ಮಗುಚಿದೆ. ಇಪ್ಪತ್ತೇಳನೆಯದರಲ್ಲಿ ಸಿಕ್ಕಿತು. ಕವರ್ ಹರಿದಿರಲಿಲ್ಲ, ಬೆನ್ನಿನ ಮೇಲೆ ಬಾಲದ ಬೊಟ್ಟು. ಮುಂದಿನ ಸಾಲಿನಲ್ಲಿ ಡೈರಿಯ ಹಿರಿಯ ಸದಸ್ಯೆ ಅನಸೂಯಮ್ಮ ಕೂತಿದ್ದರು. ಅವರ ಕೈಗೆ ಡಬ್ಬಿ ಕೊಟ್ಟೆ.

"ಅಮ್ಮ, ಆ ಕುಂಕುಮ ಒರೆಸಿ ನೋಡಿ."

ಹೆಬ್ಬೆರಳಿನಿಂದ ಒರೆಸಿದರು. ನಾಲಿಗೆಗೆ ಬೆರಳು ತಾಗಿಸಿ ಮತ್ತೆ ಒರೆಸಿದರು. ಬೆರಳನ್ನು ಎತ್ತಿ ನೋಡಿಕೊಂಡರು.

"ಹೋಗಲ್ಲಮ್ಮ. ಕವರಿನ ಒಳಗೈತೆ."

"ಈ ಅಂಗಡಿಯಲ್ಲಿ ಬೊಟ್ಟು ಯಾರು ಇಡ್ತಾರೆ ಅಂತ ಆ ಹುಡುಗೀನ ಕೇಳಿ."

ಶ್ವೇತ ಬ್ಯಾಗನ್ನು ಬಿಡದೆಯೇ ಹೇಳಿದಳು. "ಅಣ್ಣ ಒಬ್ರೇ. ಬೇರೆ ಯಾರನ್ನೂ ಮುಟ್ಟಕ್ಕೆ ಬಿಡಲ್ಲ."

ನಾನು ಎಲ್ಲರಿಗೂ ಬಿಡಿಸಿ ಹೇಳಿದೆ. ಪೂಜೆ ಮಾಡಿದ್ದು ಇವನು. ಆಮೇಲೆ ಕವರ್ ಸುತ್ತಿದ್ದಾರೆ. ಇವನ ಕುಂಕುಮದ ಮೇಲೆ ಕಂಪನಿಯವರು ಕವರ್ ಸುತ್ತೋಕೆ ಕೋಲಾರಕ್ಕೆ ಬರಲ್ಲ. ಕವರ್ ಇನ್ನೂ ಹರಿದೇ ಇಲ್ಲ ಅಂದಮೇಲೆ ಈ ಹುಡುಗಿ ಒಳಗಿನದನ್ನು ಬದಲಾಯಿಸಿದ್ದು ಹೇಗೆ? ಅನಸೂಯಮ್ಮನೇ ಕವರ್ ಹರಿದು ಡಬ್ಬಿ ತೆಗೆದರು. ಒಳಗಿದ್ದದ್ದೂ ನಕಲಿಯೇ.

ಅಮರನಾಥ್ ಪೊಲೀಸರಿಗೆ ಫೋನ್ ಮಾಡಲು ಹೊರಗೆ ಹೋದ. ಕಾಂತರಾಜ ನನ್ನ ಹತ್ತಿರ ಬಂದು ಮೆಲ್ಲಗೆ ತೆಲುಗಿನಲ್ಲಿ ಶುರು ಮಾಡಿದ, ಪೋನೀ ತಲ್ಲಿ, ವದಿಲೇಯ್ ಅಂತ. ಬಿಟ್ಟುಬಿಡು ತಾಯಿ ಅಂತ! ನನ್ನನ್ನು ತಾಯಿ ಅಂದದ್ದು ಅದೇ ಮೊದಲು. ನನಗೆ ಒಂದು ಚೂರೂ ಕನಿಕರ ಬರಲಿಲ್ಲ. ಬರಬೇಕಾಗಿತ್ತೇನೋ, ಬರಲಿಲ್ಲ.

"ಮಾಲೂರು ಮೇಷ್ಟ್ರ ವಾಚನ್ನ ಸುನಂದ ಕದ್ದಿರಲಿಲ್ಲ ಅನ್ನು," ಅಂದೆ.

ಅವನ ತುಟಿ ಅಲ್ಲಾಡಿತು. ಕದ್ದಿರಲಿಲ್ಲ ಅಂದ, ನನಗೊಬ್ಬಳಿಗೇ ಕೇಳುವಷ್ಟು. ಮೈಕನ್ನು ಸ್ಟ್ಯಾಂಡಿನಿಂದ ತೆಗೆದು ಅವನ ಬಾಯಿಯ ಮುಂದೆ ಹಿಡಿದೆ. ಹಾರ ಇನ್ನೂ ಕೊರಳಲ್ಲೇ ಇತ್ತು. ಅವನು ಹೇಳಿದ, ಹೆಸರಿನ ಸಮೇತ ಹೇಳಿದ. ಅಂಗಳದ ಎರಡೂ ಸ್ಪೀಕರಿನಲ್ಲಿ ಕೇಳಿಸಿತು.

ಮೈಕನ್ನು ನಾನು ಕೆಳಗಿಳಿಸಲಿಲ್ಲ.

"ಶ್ವೇತಾನೂ ಕದ್ದಿಲ್ಲ ಅನ್ನು."