ಮಾಧವರಾಜ್ ಅಪ್ಪನಾಗಿದ್ದ ಧಾರಾವಾಹಿ

ನಡುರಾತ್ರಿ ಕಮಲಾಪುರದ ಮನೆಯಲ್ಲಿ ವಿಸಿಆರ್ ಟಕ್ಕೆಂದು ನಿಂತಿತು. ಹಾಸಿಗೆ ಹಿಡಿದಿದ್ದ ತುಂಗಾಬಾಯಿ ಕೊನೆಯ ಕಂತಿಗೆ ಮೊದಲೇ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕೂತಿದ್ದ ಮಗಳು ವತ್ಸಲಾ ಮಾತ್ರ ಅದನ್ನು ಪೂರ್ತಿ ನೋಡಿದ್ದಳು.

ಹತ್ತು ವರ್ಷದ ಹಿಂದೆ ನೋಡಿದ ಆ ಧಾರಾವಾಹಿಯನ್ನು ಅವ್ವ ವಾರದಿಂದ ಕೇಳುತ್ತಿದ್ದಳು. ಹೆಸರು ಮರೆತಿತ್ತು. ಅದರಲ್ಲಿ ಅಪ್ಪನಾಗಿದ್ದ ಮಾಧವರಾಜ್, ಅತ್ತೆಮನೆಯಲ್ಲಿ ಸೊರಗಿದ ಮಗಳನ್ನು ಹೋಗಿ ಕರೆತರುತ್ತಾನೆ ಎಂಬುದಷ್ಟೇ ಅವಳ ನೆನಪು.

ಟಿವಿಯಿಂದ ಧಾರಾವಾಹಿಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಟ್ಟು ಬಾಡಿಗೆಗೆ ಕೊಡುತ್ತಿದ್ದ ಮಂಜೂರನ ಅಂಗಡಿ ಕಲಬುರಗಿಯ ನೆಹರು ಗಂಜ್ ಪೇಟೆಯಲ್ಲಿತ್ತು. ಅವನು ಕ್ಯಾಸೆಟ್ಟಿನ ಮೇಲೆ ನಟನ ಹೆಸರನ್ನಷ್ಟೇ ಬರೆಯುತ್ತಿದ್ದ. ಹಿಂದಿನ ದಿನ ವತ್ಸಲಾ ಅಲ್ಲಿಗೆ ಹೋಗಿ ಕೇಳಿದ್ದಳು.

"ಮಾಧವರಾಜನವು ನಾಕ್ ಅದಾವ್ರೀ ಬಾಯಿ. ಒಂದರಾಗ ಪೊಲೀಸ, ಒಂದರಾಗ ಕಳ್ಳ. ತಾ ಯಾರಂತ ಅವಗೂ ಗೊತ್ತಿರಲಿಕ್ಕಿಲ್ಲ. ಮಗಳ ಪಾತ್ರದಾಗ ಯಾರಿದ್ರು?"

"ಬೆಕ್ಕಿನ ಕಣ್ಣಿನಾಕಿ ಅಂತಾಳ್ರೀ ಅವ್ವ. ಗುರುವಾರ ರಾತ್ರಿ ಬರತಿತ್ತಂತ."

"ಹಂಗಂದ್ರ ಇವೆರಡು ಕ್ಯಾಸೆಟ್ ಒಯ್ರಿ."

ಮಂಜೂರ್ ಕೊಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಕೊನೆಯ ಕಂತಿನಲ್ಲಿ ಮಾಧವರಾಜ್ ಅತ್ತೆಮನೆಯ ಬಾಗಿಲವರೆಗೆ ಹೋಗಿ, ಮಗಳನ್ನು ಅಲ್ಲಿಯೇ ಬಿಟ್ಟು ಒಬ್ಬನೇ ಮರಳಿದ. ವತ್ಸಲಾಳ ಅಕ್ಕ ಸುಮಿತ್ರಾ ಅತ್ತೆಮನೆಯಿಂದ, ಬಂದು ಕರೆದೊಯ್ಯಿರಿ ಎಂದು ಮೂರು ಪತ್ರ ಬರೆದಿದ್ದಳು. ಯಾರೂ ಹೋಗಿರಲಿಲ್ಲ, ಅಪ್ಪನೂ. ಕಡೆಗೆ ಅವಳ ಹೆಣ ನೋಡಲು ಹೋಗಿದ್ದರು.

ಬೆಳಗ್ಗೆ ತುಂಗಾಬಾಯಿ ಕಣ್ಣು ತೆರೆದಳು. "ಕರಕೊಂಡ ಬಂದನೇನ?"

"ಬಂದ, ಅವ್ವ."

"ನಾ ಹೇಳಿದ್ದಿಲ್ಲೇನ? ಅಪ್ಪ ಅಂದ್ರ ಹಂಗಿರಬೇಕು." ಅವಳು ಗೋಡೆಯ ಕಡೆ ಹೊರಳಿದಳು.

ವತ್ಸಲಾ ಕ್ಯಾಸೆಟ್‌ಗಳನ್ನು ಚೀಲಕ್ಕೆ ಹಾಕಿದಳು. ಕೊನೆಯ ಕಂತಿನಲ್ಲಿ ಏನಾಯಿತೆಂದು ಯಾರಿಗೂ ಹೇಳಬಾರದೆಂದು ಅಲ್ಲಿಯೇ ನಿರ್ಧರಿಸಿದಳು.