ತಾಳೆಯಾದ ನಕ್ಷೆ

ಬೆಂಕಿ ಬಿದ್ದರೆ ಜನ ಹೊರಬೀಳುವ ದಾರಿಯ ನಕ್ಷೆಯನ್ನು ಪರಿಶೀಲಿಸುವ ಅಧಿಕಾರಿ ಆ ಮೂರನೇ ಮಹಡಿಯ ಆಫೀಸಿಗೆ ಮತ್ತೆ ಬಂದ. ಹೋದ ವರ್ಷ ಇಲ್ಲೇ ಗಂಟಲು ಹರಿದುಕೊಂಡಿದ್ದ: ನಕ್ಷೆಯಲ್ಲಿರುವ ಹಿಂಬಾಗಿಲಿಗೆ ಬೀಗ, ಎಲ್ಲರೂ ಸೇರಬೇಕಾದ ಜಾಗದಲ್ಲಿ ಡೀಸೆಲ್ ಜನರೇಟರು, ಜನರನ್ನು ಹೊರಡಿಸುವ ಹೊಣೆ ಯಾರದೆಂದು ಯಾರಿಗೂ ಗೊತ್ತಿಲ್ಲ.

"ಎಲ್ಲಾ ಸರಿ ಮಾಡಿದ್ದೀವಿ ಸಾರ್," ಎಂದ ಮ್ಯಾನೇಜರು.

"ಹೊಣೆ ಯಾರಿಗೆ?"

"ನಮ್ಮ ಟೈಪಿಸ್ಟ್ ಮೇಡಂಗೆ. ಮೀಟಿಂಗ್ ದಿನ ಅವರು ರಜದಲ್ಲಿದ್ರು, ಬೇಡ ಅನ್ನೋಕೆ ಇರ್ಲಿಲ್ಲ."

"ಎಲ್ಲಿ, ಕರೀರಿ."

"ಇನ್ನೂ ಹೆರಿಗೆ ರಜದಲ್ಲೇ ಇದ್ದಾರೆ ಸಾರ್."

"ಸೇರೋ ಜಾಗ?"

"ಜನರೇಟರ್ ಮೇಲೇ 'ಇಲ್ಲಿ ಸೇರಿ' ಅಂತ ದೊಡ್ಡ ಬೋರ್ಡ್ ಬರೆಸಿದ್ದೀವಿ."

ಅಧಿಕಾರಿ ಹಣೆ ಚಚ್ಚಿಕೊಂಡು ಹಿಂಬಾಗಿಲಿಗೆ ನಡೆದ. ಬೀಗ ಹಾಗೇ ಇತ್ತು. ಬಾಗಿಲ ಮೇಲಿದ್ದ 'ನಿರ್ಗಮನ' ಎಂಬ ಹಸಿರು ಫಲಕ ಮಾತ್ರ ಮಾಯವಾಗಿತ್ತು.

"ನಕ್ಷೆಗೂ ಬಾಗಿಲಿಗೂ ತಾಳೆಯಾಗ್ತಿಲ್ಲ ಅಂದಿದ್ರಲ್ಲ ಸಾರ್, ನಕ್ಷೆಯಿಂದ ಬಾಗಿಲನ್ನೇ ತೆಗೆಸಿಬಿಟ್ವಿ."