ತೊಂಬತ್ತು ದಿನದ ಕಲಮು

ದೀಪಶ್ರೀ ಸತ್ತು ಆರು ತಿಂಗಳಾಗಿತ್ತು. ಸೋಮವಾರ ಬೆಳಗಿನ ಜಾವ ಐದೂ ಹತ್ತಕ್ಕೆ ಅವಳು ತನ್ನ ಖಾತೆ ತೆರೆದು ನೋಡಿದ್ದಳು.

ಮನೋಹರ ಅದನ್ನು ಕಂಪ್ಯೂಟರಿನ ಪರದೆ ಮೇಲೆ ಮೂರು ಸಲ ಓದಿದ. ಹಾಸನದ ಸಾಲಗಾಮೆ ರಸ್ತೆಯ ಆ ಮಹಡಿ ಕೋಣೆಗೆ ಕೆಳಗಿನ ಮಿಲ್ಲಿನಿಂದ ಹುರಿದ ಮೆಣಸಿನಕಾಯಿ ಘಾಟು ಏರಿ ಬರುತ್ತಿತ್ತು. ಕಣ್ಣು ಉರಿದರೂ ಅವನು ರೆಪ್ಪೆ ಬಡಿಯಲಿಲ್ಲ. ಹಿಂದಿನ ಸೋಮವಾರವೂ ಐದೂ ಹತ್ತು. ಅದರ ಹಿಂದಿನದು ಐದೂ ಹನ್ನೆರಡು. ಮಾರ್ಚಿನಿಂದ ಒಂದು ವಾರವೂ ತಪ್ಪಿಲ್ಲ. ಹಳ್ಳಿಮೈಸೂರಿಗೆ ಹೋಗಿ ಅವಳ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಬಂದವನು ಅವನೇ.

ಅದು ಮಸಾಲೆ ಪುಡಿ ಮಾರುವ ಆನ್‌ಲೈನ್ ಅಂಗಡಿ. ಅಡುಗೆ ಬ್ಲಾಗು ಬರೆಯುವ ಇನ್ನೂರು ಚಿಲ್ಲರೆ ಹೆಂಗಸರು ಅದಕ್ಕೆ ಗಿರಾಕಿ ತರುತ್ತಿದ್ದರು, ದೀಪಶ್ರೀ ಅವರಲ್ಲೊಬ್ಬಳು. ಒಬ್ಬೊಬ್ಬರಿಗೂ ಅವರದೇ ಲಿಂಕು. ಅದನ್ನು ಒತ್ತಿ ಬಂದವರು ಮೂವತ್ತು ದಿನದೊಳಗೆ ಕೊಂಡರೆ ಬರೆದವಳಿಗೆ ನೂರಕ್ಕೆ ಎಂಟು ಕಮಿಷನ್. ಯಾರ್ಯಾರು ಯಾವಾಗ ಖಾತೆ ತೆರೆದರು, ಯಾರ ಲಿಂಕಿನಿಂದ ಯಾರು ಬಂದರು ಎಂಬುದನ್ನೆಲ್ಲ ನೋಡಿಕೊಳ್ಳುವವನು ಮನೋಹರ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಪ್ಯಾಕಿಂಗಿಗೆ ಸೇರಿದವನು, ಬಾಯಿ ಜೋರು ಅಂತಲೇ ಮಹಡಿ ಹತ್ತಿದ್ದ.

ಷರತ್ತುಗಳನ್ನು ಕನ್ನಡಕ್ಕೆ ತಂದವನೂ ಅವನೇ. ಮೊದಲು ಇದ್ದದ್ದು ಇನ್ಯಾರದೋ ಸೈಟಿನಿಂದ ಎತ್ತಿ ತಂದ ಎಂಟು ಪುಟದ ಇಂಗ್ಲಿಷು. ಇನ್ನೂರು ಜನ ಅದನ್ನು ಓದದೆಯೇ ಒಪ್ಪಿಗೆ ಒತ್ತಿದ್ದರು. ಅದು ಗೊತ್ತಾದ ದಿನ ಮನೋಹರನಿಗೆ ಮೈ ಉರಿದುಹೋಗಿತ್ತು. ಅರ್ಥವಾಗದ ಮಾತಿಗೆ ಹೂಂ ಅನ್ನಿಸುವುದು ಜೇಬಿಗೆ ಕೈ ಹಾಕಿದ ಹಾಗೇ ಅಂತ ಮಾಲೀಕ ಸುದರ್ಶನನ ಮುಖಕ್ಕೇ ಹೇಳಿದ್ದ. ಸುದರ್ಶನ ನಕ್ಕು, ಹಂಗಾದ್ರೆ ನೀನೇ ಬರಿ ಅಂದಿದ್ದ. ಮನೋಹರ ಬರೆದ. ಈ ಲಿಂಕಿನಿಂದ ನಮಗೆ ಕಮಿಷನ್ ಬರುತ್ತದೆ ಎಂದು ಬ್ಲಾಗಿನಲ್ಲಿ ಮೊದಲೇ ಹೇಳಬೇಕು. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಕಮಿಷನ್ ಇಲ್ಲ. ಗಿರಾಕಿ ನಿಮ್ಮ ಲಿಂಕಾದ ಮೇಲೆ ಇನ್ನೊಬ್ಬರ ಲಿಂಕು ಒತ್ತಿದರೆ ಕಮಿಷನ್ ಕೊನೆಯವರಿಗೆ. ಷರತ್ತು ಬದಲಾಯಿಸುವುದಾದರೆ ಹದಿನೈದು ದಿನ ಮುಂಚೆ ಎಲ್ಲರಿಗೂ ತಿಳಿಸಬೇಕು. ಎಲ್ಲವನ್ನೂ ಜಗಲಿ ಮೇಲೆ ಕೂತು ಹೇಳಿದ ಹಾಗೆ ಬರೆದಿದ್ದ. ಒಂದು ಕಲಮನ್ನು ಮಾತ್ರ ಯೋಚಿಸದೆ ಇದ್ದ ಹಾಗೇ ಇಳಿಸಿಬಿಟ್ಟಿದ್ದ: ತೊಂಬತ್ತು ದಿನ ಖಾತೆ ತೆರೆಯದಿದ್ದರೆ ಅದನ್ನು ಮುಚ್ಚಲಾಗುವುದು.

ಶಿವರಾತ್ರಿ ವಾರದಲ್ಲಿ ದೀಪಶ್ರೀ ಫೋನ್ ಮಾಡಿದ್ದು ಆ ಕಲಮಿನ ಬಗ್ಗೆಯೇ. ಸ್ವಲ್ಪ ದಿನ ನೋಡಕ್ಕಾಗದೆ ಇರಬಹುದು, ಮುಚ್ಚಿಬಿಡ್ತೀರಾ ಅಂತ ಕೇಳಿದ್ದಳು. ಅವನ ಕೈಯಲ್ಲಿ ಹತ್ತು ಕೆಲಸವಿತ್ತು.

"ಅದು ಸುಮ್ನೆ ಬರ್ದಿರೋದು ಕಣಕ್ಕ. ಯಾರೂ ಮುಚ್ಚಲ್ಲ, ನಾನಿದೀನಲ್ಲ," ಅಂದಿದ್ದ. ಯಾಕೆ ನೋಡಕ್ಕಾಗಲ್ಲ ಎಂದು ಕೇಳಿರಲಿಲ್ಲ. ಹದಿನೇಳನೇ ದಿನಕ್ಕೆ ಮೈಸೂರಿನ ಆಸ್ಪತ್ರೆಯಿಂದ ಅವಳ ಹೆಣ ಬಂತು. ಹೃದಯದ ಆಪರೇಷನ್ನು ಅಂದರು.

ಅಂದಿನಿಂದ ಅವಳ ದನಿ ಅವನ ಕಿವಿಯಲ್ಲೇ ಮನೆ ಮಾಡಿತ್ತು. ಮುಚ್ಚಿಬಿಡ್ತೀರಾ?

ಈಗ ಮುಚ್ಚು ಅಂತಲೇ ಸುದರ್ಶನ ಹೇಳಿದ್ದ. ಗಣೇಶನ್ನ ನೀರಿಗೆ ಬಿಟ್ಟಾಗಿತ್ತು, ಮಹಾಲಯ ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನ. ಹಿರಿಯರಿಗೆ ಎಡೆ ಇಕ್ಕುವ ಆ ಪಕ್ಷದ ಹಬ್ಬಕ್ಕೆ ಬಾಡಿನ ಸಾರಿನ ಪುಡಿ ಹೇಗೆಂದು ನೆಟ್ಟಿನಲ್ಲಿ ಹುಡುಕುವವರಿಗೆ ಮೊದಲು ಸಿಗುವುದು ದೀಪಶ್ರೀ ಬರೆದದ್ದೇ. ಹೋದ ವರ್ಷ ಪಕ್ಷದ ಹದಿನೈದು ದಿನದ ಆರ್ಡರಿನಲ್ಲಿ ಮೂರರಲ್ಲಿ ಒಂದು ಪಾಲು ಅವಳ ಲಿಂಕಿನಿಂದ ಬಂದಿತ್ತು. ಖಾತೆ ಮುಚ್ಚಿದರೂ ಅವಳು ಬರೆದದ್ದು ಅಳಿಯುವುದಿಲ್ಲ, ಗಿರಾಕಿ ಬರುತ್ತಲೇ ಇರುತ್ತಾರೆ. ಕಮಿಷನ್ ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಖಾತೆಯನ್ನು ಯಾರೋ ತೆರೆಯುತ್ತಿದ್ದಾರೆ ಎಂದು ಮನೋಹರ ಹೇಳಿದಾಗ ಸುದರ್ಶನ ಹುಬ್ಬು ಗಂಟಿಕ್ಕಿ, ಹಾಗಾದರೆ ಕಲಮು ಬಿಗಿ ಮಾಡು ಅಂದ. ಖಾತೆದಾರರು ಸತ್ತರೆ ಅವತ್ತಿಗೇ ಒಪ್ಪಂದ ರದ್ದು ಅಂತ ಬರೆದು, ಗುರುವಾರ ಸಂಜೆಯೊಳಗೆ ಎಲ್ಲರಿಗೂ ಕಳಿಸು.

ಬುಧವಾರ ಮನೋಹರ ಯಾರಿಗೂ ಹೇಳದೆ ಹೊಳೆನರಸೀಪುರದ ಮೇಲೆ ಹೋಗುವ ಮೈಸೂರು ಬಸ್ಸು ಹತ್ತಿ ಹಳ್ಳಿಮೈಸೂರಿನಲ್ಲಿ ಇಳಿದ.

ದೀಪಶ್ರೀಯ ಅತ್ತೆ ದೊಡ್ಡತಾಯಮ್ಮ ಜಗಲಿ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ದೀಪಶ್ರೀಯ ಗಂಡ ಪುಟ್ಟರಾಜು ಹೊಲಕ್ಕೆ ಹೋಗಿದ್ದ. ಹೆಂಡತಿಯ ಫೋನು ಕಂಡರೆ ಅವನು ಮುಖ ತಿರುಗಿಸಿಕೊಂಡು ಹೋಗುತ್ತಾನಂತೆ. ಬ್ಯಾಂಕಿಗೆ ಬಿದ್ದ ದುಡ್ಡಿನ ಕಡೆ ಯಾರೂ ತಲೆ ಹಾಕಿರಲಿಲ್ಲ. ಮನೋಹರ ಕೇಳಬೇಕಾದ್ದನ್ನು ಕೇಳಲು ಒಂದು ಲೋಟ ಕಾಫಿಯಷ್ಟು ಹೊತ್ತು ಹಿಡಿಯಿತು. ಮುದುಕಿ ಎದ್ದು ಒಳಗೆ ಹೋಗಿ ಫೋನು ತಂದಳು. ಅದರ ನೆತ್ತಿಗೆ ಕುಂಕುಮವಿತ್ತು.

"ಸ್ವಾಮಾರ ದೀಪ ಅಚ್ಚುದ್ ಮ್ಯಾಲೆ ಒತ್ತೀನಿ," ಅಂದಳು. "ಅವ್ಳೇ ಕೂರುಸ್ಕೊಂಡು ತೋರುಸ್ಕೊಟ್ಟಿದ್ದು. ಆಸ್ಪತ್ರೆಯಿಂದ ತಿರ್ಗಾ ಬರಗಂಟ ವಾರಕ್ಕೊಂದ್ಸಲ ಇದುನ್ನ ಒತ್ತವ್ವ, ಇಲ್ದಿದ್ರೆ ಬಾಗ್ಲಾಕ್ಬುಡ್ತಾರೆ ಅಂದ್ಲು."

ಮನೋಹರ ಲೋಟ ಕೆಳಗಿಟ್ಟ. "ಯಾರೂ ಮುಚ್ಚಲ್ಲ ಅಂತ ನಾನೇ ಯೋಳಿದ್ನಲ್ಲವ್ವ ಆಯಮ್ಮಂಗೆ."

"ಅದುನ್ನೂ ಅಂದ್ಲು. ಆ ಉಡುಗ ಒಳ್ಳೇವ್ನೇಯ, ಆದ್ರೆ ಮಾತು ಅವ್ನ ಕೈಲಿಲ್ಲ ಕಣವ್ವ ಅಂದ್ಲು."

ದೊಡ್ಡತಾಯಮ್ಮನಿಗೆ ಓದು ಬರಹ ಬಾರದು. ಒತ್ತಿದಾಗ ಮೂಡುವ ಅಂಕಿ ಹೋದ ವಾರದ್ದಲ್ಲ ಎಂಬುದಷ್ಟೇ ತಿಳಿಯುತ್ತಿತ್ತು. ಅಂದರೆ ಯಾರೋ ಸೊಸೆಯ ಹತ್ತಿರ ಬಂದು ಹೋಗಿದ್ದಾರೆ. ಸತ್ತವಳ ಮನೆಗೆ ಜನ ಬರುವುದು ಹನ್ನೊಂದು ದಿನಕ್ಕೆ ನಿಂತಿತು, ಇದರೊಳಗೆ ನಿಂತಿಲ್ಲ ನೋಡು ಅಂದಳು. ಈ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಎಡೆ ಉಂಟು, ಅವಳಿಗಿಲ್ಲ. ವರ್ಷ ತುಂಬದೆ ಅವರ ಸಾಲಿಗೆ ಸೇರಿಸುವ ಹಾಗಿಲ್ಲ. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ, ಎಲ್ಲಿ ನಿಂತಿದಾಳೋ ಕಾಣೆ ಅಂತ ಮೊರ ಕೊಡವಿದಳು.

ಪುಟ್ಟರಾಜಣ್ಣನ ಹೆಸರಿಗೆ ಖಾತೆ ಬರೆಸಿಬಿಡಿ, ಆಗ ಗಟ್ಟಿಯಾಗುತ್ತದೆ ಎಂದು ಮನೋಹರ ಬಗೆಬಗೆಯಾಗಿ ಹೇಳಿ ನೋಡಿದ.

"ಬ್ಯಾಡ ಕಣಪ್ಪ," ಅಂದಳು ದೊಡ್ಡತಾಯಮ್ಮ. "ತಿರ್ಗಾ ಬರಗಂಟ ಅಂದವ್ಳೆ. ಇನ್ನೊಬ್ರ ಎಸ್ರು ಬರ್ಸುದ್ರೆ, ಬರಾಕಿಲ್ಲ ಅಂತ ನಾನೇ ಒಪ್ಕಂಡಂಗಾಯ್ತದೆ."

ಆಗಲೇ ಫೋನು ಟಿಣ್ ಅಂತು. ಯಾವ ಊರಿನವರೋ ಸಾರಿನ ಪುಡಿ ಕೊಂಡಿದ್ದರು. ಮುದುಕಿ ಮೊರ ಎತ್ತಿಕೊಂಡು, ಯಾರಿಗೋ ಕೂರಲು ಜಾಗ ಬಿಡುವ ಹಾಗೆ, ಜಗಲಿ ಮೇಲೆ ಒಂದು ಮೊಳ ಪಕ್ಕಕ್ಕೆ ಸರಿದಳು. ಮನೋಹರನಿಗೆ ಆ ಒಂದು ಮೊಳದ ಕಡೆ ನೋಡಲು ಧೈರ್ಯ ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಹೊಳೆನರಸೀಪುರದಲ್ಲಿ ಜನ ನೂಕಿಕೊಂಡು ಹತ್ತಿದರೂ ಹಾಸನದ ತನಕ ಯಾಕೋ ಅಲ್ಲಿ ಯಾರೂ ಕೂರಲಿಲ್ಲ. ಅವನು ಮೊಬೈಲಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಸಿಟ್ಟೆಲ್ಲ ಸುದರ್ಶನನ ಮೇಲೆ ಎಂದುಕೊಂಡಿದ್ದು ದಾರಿಯಲ್ಲಿ ತಿರುಗಿ ತನ್ನ ಎದೆಗೇ ಹಾಯುತ್ತಿತ್ತು. ಮಾತು ಅವ್ನ ಕೈಲಿಲ್ಲ.

ಗುರುವಾರ ಸಂಜೆ ಸುದರ್ಶನ ಕುರ್ಚಿ ಎಳೆದುಕೊಂಡು ಕೂತು, ಪರದೆ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದ.

"ತೊಂಬತ್ತು ದಿನದ ಕಲಮನ್ನು ತೆಗೆಯಲಾಗಿದೆ. ಖಾತೆದಾರರು ತೀರಿಕೊಂಡರೂ ಅವರ ಲಿಂಕು ಮುಚ್ಚುವುದಿಲ್ಲ. ಅವರು ಬರೆದದ್ದನ್ನು ಓದಿ ಬಂದ ಗಿರಾಕಿ ಎಲ್ಲಿಯವರೆಗೆ ಕೊಳ್ಳುತ್ತಾರೋ ಅಲ್ಲಿಯವರೆಗೆ ಕಮಿಷನ್ ಸೇರುತ್ತದೆ. ಅದು ಅವರು ಹೆಸರಿಸಿದವರಿಗೆ. ಹೆಸರಿಸಿರದಿದ್ದರೆ, ದಾಖಲೆ ತೋರಿಸಿದ ವಾರಸುದಾರರಿಗೆ. ಯಾರಾದರೂ ಬಂದು ಕೇಳುವವರೆಗೆ ಅದು ಅವರ ಹೆಸರಿನಲ್ಲೇ ಇರುತ್ತದೆ. ಅಂಗಡಿ ಅದನ್ನು ಮುಟ್ಟುವುದಿಲ್ಲ."

ಇದರ ಕೆಳಗೆ ಒಂದು ಖಾಲಿ ಚೌಕ. ನಿಮ್ಮ ನಂತರ ಯಾರಿಗೆ?

ಸುದರ್ಶನ ಕೂಗಾಡುವ ಜಾತಿಯವನಲ್ಲ. ನಿಧಾನವಾಗಿ ಲೆಕ್ಕ ಒಪ್ಪಿಸಿದ. ಬದುಕಿರುವವರು ಹೊಸದು ಬರೆಯುತ್ತಾರೆ, ಹಳೆಯದರ ತಪ್ಪು ತಿದ್ದುತ್ತಾರೆ, ಪುಡಿ ಬದಲಾದರೆ ಬದಲಾಯಿತೆಂದು ಹೇಳುತ್ತಾರೆ. ಸತ್ತವರು ಏನು ಮಾಡುತ್ತಾರೆ? ನಾಳೆ ನಾಲ್ಕು ಜನ ವಾರಸುದಾರರು ಜಗಳವಾಡಿಕೊಂಡು ಬಂದರೆ ಯಾರು ನೋಡುವವರು? ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಮನೋಹರನಿಗೆ ಇನ್ನಷ್ಟು ಉರಿಯಿತು. ಮೇಜಿನ ಮೇಲಿದ್ದ ಪುಡಿ ಪ್ಯಾಕೆಟ್ಟು ತಿರುಗಿಸಿ ಇಟ್ಟ. ಅದರ ಮೇಲೆ ಸೆರಗು ಹೊದ್ದು ನಗುವ ಹೆಂಗಸು, ಆರು ವರ್ಷದ ಹಿಂದೆ ತೀರಿಹೋದ ಸುದರ್ಶನನ ತಾಯಿ ಜವರಮ್ಮ.

"ಈಯಮ್ಮನೂ ತೊಂಬತ್ತು ದಿನದಿಂದ ಖಾತೆ ತೆಗುದು ನೋಡಿಲ್ಲ ಸಾ," ಅಂದ. "ಇವ್ರ ಮಕ ನೋಡ್ಕೊಂಡು ತಾನೆ ಜನ ತಗೊಳೋದು? ಇವ್ರ ಒಪ್ಪಂದ ಯಾವಾಗ ರದ್ದು ಮಾಡ್ತೀರಿ?"

ಕೆಳಗಡೆ ಮಿಲ್ಲು ನಿಂತಿತು. ಸುದರ್ಶನ ತಾಯಿಯ ಮುಖ ನೋಡಿದ. ಅವನ ಬೆರಳು ಪ್ಯಾಕೆಟ್ಟಿನ ಕಡೆ ಹೋಗಿ, ಮುಟ್ಟದೆ ವಾಪಸು ಬಂತು.

"ಒಂದು ವರ್ಷ," ಅಂದ ಕೊನೆಗೆ. "ವರ್ಷದ ಕಾರ್ಯ ಆಗೋವರೆಗೂ ಕೊಡೋಣ. ಆಮೇಲೆ ಅವರು ಹಿರಿಯರ ಜೊತೆ ಸೇರ್ತಾರೆ, ನಮ್ಮ ಋಣ ತೀರ್ತು. ವರ್ಷ ಅಂತ ಹಾಕಿ ಕಳಿಸು."

ಅವನು ಕೈ ತೊಳೆಯಲು ಎದ್ದು ಹೋದ. ಮನೋಹರ ಬೆರಳನ್ನು ಅಕ್ಷರದ ಮೇಲಿಟ್ಟು ಕೂತ. ಒಂದು ವರ್ಷ ಎಂದು ಒತ್ತಿದರೆ ಆಯಿತು, ಕೆಲಸವೂ ಉಳಿಯುತ್ತದೆ, ಅನ್ಯಾಯವೂ ಅಲ್ಲ. ಆದರೆ ವರ್ಷ ತುಂಬಿದ ಮಾರನೇ ಸೋಮವಾರ ಮುದುಕಿ ದೀಪ ಹಚ್ಚಿ ಒತ್ತುತ್ತಾಳೆ. ತೆರೆಯುವುದಿಲ್ಲ. ಬೆರಳು ಒದ್ದೆಯೇನೋ ಅಂತ ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಬೆನ್ನ ಹಿಂದೆ ಯಾರೋ ಬಗ್ಗಿ ಪರದೆ ಓದುತ್ತಿರುವ ಹಾಗೆ ಅವನ ಕತ್ತು ತಣ್ಣಗಾಯಿತು. ತಿರುಗಿ ನೋಡಲಿಲ್ಲ. ಬರೆದದ್ದನ್ನು ಬರೆದ ಹಾಗೇ ಇನ್ನೂರ ಹನ್ನೆರಡು ಜನಕ್ಕೂ ಕಳಿಸಿಬಿಟ್ಟ.

ಸುದರ್ಶನ ಬಂದು ನೋಡಿದ. ಒಮ್ಮೆ ಹೊರಟುಹೋದದ್ದು ಅಂಗಡಿಯ ಮಾತು. ಬದಲಾಯಿಸಬೇಕೆಂದರೆ ಮತ್ತೆ ಹದಿನೈದು ದಿನದ ನೋಟಿಸು, ಸತ್ತವರಿಗೆ ಕೊಡುವುದಿಲ್ಲ ಎಂದು ಇನ್ನೂರು ಹೆಂಗಸರಿಗೂ ಬಾಯಿಬಿಟ್ಟು ಹೇಳಬೇಕು, ಅದೂ ಪಕ್ಷದ ಹಬ್ಬದ ಮುಂದೆ. ಅವನಿಗೂ ಅದು ಗೊತ್ತಿತ್ತು. ನಾಳೆಯಿಂದ ಬರಬೇಡ ಅಂದ, ಅಷ್ಟೇ. ಮನೋಹರ ಟಿಫನ್ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದ.

ರಸ್ತೆಗೆ ಬರುವಷ್ಟರಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತ್ತು. ಇನ್ನೂರು ಮನೆಯಲ್ಲಿ ಇನ್ನೂರು ಹೆಂಗಸರು ಒಲೆ ಸಣ್ಣ ಮಾಡಿ ತಮ್ಮ ಸಾವನ್ನು ಯೋಚಿಸುತ್ತಿದ್ದರು. ಒಬ್ಬಳು ಮಗಳ ಹೆಸರು ಹಾಕಿದ್ದಳು. ಒಬ್ಬಳು ಗಂಡನ ಹೆಸರು ಹಾಕಿ ಅಳಿಸಿ ತಂಗಿಯದು ಹಾಕಿದ್ದಳು. ಒಬ್ಬಳು ಚೌಕ ತುಂಬಲು ಕೊನೇ ದಿನ ಯಾವುದು ಎಂದು ಕೇಳಿದ್ದಳು.

ಬಸ್ ಸ್ಟಾಪಿನಲ್ಲಿ ನಿಂತಾಗ ಚನ್ನರಾಯಪಟ್ಟಣದ ಪ್ರೇಕ್ಷಾ ಎಂಬವಳ ಮೆಸೇಜು ಬಂತು. ಉಪ್ಪಿನಕಾಯಿ ಬಗ್ಗೆ ಬರೆಯುವವಳು. ಅವನು ಮುಖ ನೋಡಿದ್ದಿಲ್ಲ. ನನಗೆ ಹಾಕಲು ಯಾರೂ ಇಲ್ಲ ಮನೋಹರ, ನಿಮ್ಮ ಹೆಸರೇ ಬರೆಯಲಾ, ಆದಷ್ಟು ಬೇಗ ತಿಳಿಸಿ ಎಂದಿತ್ತು.

ಅವನ ಬೆರಳು ಅಭ್ಯಾಸಬಲದಿಂದ, ಆಯ್ತು ಬಿಡಿ ಅಕ್ಕ ಎಂದು ಬರೆಯಿತು. ಅಳಿಸಿದ. ಅವನು ಹತ್ತಬೇಕಿದ್ದ ಅರಕಲಗೂಡಿನ ಬಸ್ಸು ಬಂದು ನಿಂತು, ಕಂಡಕ್ಟರು ಎರಡು ಸಲ ಕರೆದ ಮೇಲೆ ಹೊರಟೂಹೋಯಿತು. ಮನೋಹರ ಡಬ್ಬಿಯನ್ನು ಕಾಲ ಸಂದಿಯಲ್ಲಿಟ್ಟು ಅವಳಿಗೆ ಫೋನ್ ಮಾಡಿದ.

"ಅಕ್ಕ," ಅಂದ, "ಬೇಗ ಅಂದ್ರಲ್ಲ, ಯಾಕೆ? ನಿಮ್ಗೇನಾಗೈತೆ, ಮೊದ್ಲು ಅದ್ನೇಳಿ."